ಹದಿನೈದು ಸೆಲ್ಫಿ ಅಪ್‌ಲೋಡ್ ಮಾಡುವ ಮೊದಲು

ಮುಂಬಯಿಯ ಕನ್ನಡಿಗ ಗೆಳೆಯರಿಗೆ ಪ್ರೊಫೈಲ್ ಅವತಾರ್ ಮಾಡಿಕೊಡುವಾಗ ನನ್ನ ಹೆಚ್ಚಿನ ಹೊತ್ತು ಫೋಟೊ ಆರಿಸುವುದಕ್ಕೇ ಹೋಗುತ್ತದೆ. ಅವತಾರ್ ಬರೆಯುವ ಎಐ ಸೇವೆಗಳಲ್ಲಿ ಹಲವು 10ರಿಂದ 20 ಸೆಲ್ಫಿ ಕೇಳುತ್ತವೆ. ಅವುಗಳಿಂದ ಮಾಡೆಲ್‌ಗೆ ನಿಮ್ಮ ಮುಖ ಕಲಿಸಿ, ಆಮೇಲೆ ಬೇಕಾದ ಶೈಲಿಯಲ್ಲಿ ಚಿತ್ರ ಬರೆಸುತ್ತವೆ. ತೊಡಕಿರುವುದು ಈ ಕಲಿಕೆಯಲ್ಲಿ. ಎಲ್ಲ ಫೋಟೊದಲ್ಲೂ ಮತ್ತೆ ಮತ್ತೆ ಕಾಣುವುದನ್ನೆಲ್ಲ ಮಾಡೆಲ್ ನಿಮ್ಮದೇ ಗುರುತೆಂದು ಹಿಡಿದುಬಿಡುತ್ತದೆ.

ಡೊಂಬಿವಲಿಯ ಒಬ್ಬರ 15 ಸೆಲ್ಫಿಗಳೂ ಮನೆಯ ಬಾಲ್ಕನಿಯಲ್ಲಿ, ಒಂದೇ ನೀಲಿ ಅಂಗಿಯಲ್ಲಿ ತೆಗೆದವು ಎಂದಿಟ್ಟುಕೊಳ್ಳಿ. ಅವತಾರ್ ರಾಜನದಾಗಲಿ ಗಗನಯಾತ್ರಿಯದಾಗಲಿ, ನೀಲಿ ಕಾಲರು, ಹಿಂದೆ ಗ್ರಿಲ್ಲಿನ ಗೆರೆಗಳು ಇಣುಕುತ್ತವೆ. ಇಂಥ ಗುಂಪಿನಲ್ಲಿ ನಾನು ನಾಲ್ಕನ್ನಷ್ಟೇ ಉಳಿಸಿ, ಬೇರೆ ಬೇರೆ ದಿನ, ಬೇರೆ ಬಟ್ಟೆ, ಬೇರೆ ಜಾಗಗಳಲ್ಲಿ ಹೊಸದಾಗಿ ತೆಗೆಸುತ್ತೇನೆ. ನೇರ ನೋಟ, ಎಡ, ಬಲ, ಜೊತೆಗೆ ಸೊಂಟದವರೆಗಿನ ಎರಡು ಮೂರು ಫೋಟೊ ಇರಬೇಕು. ಬ್ಯೂಟಿ ಫಿಲ್ಟರ್ ಬೇಡವೇ ಬೇಡ. ಅದು ನಯಗೊಳಿಸಿದ ಚರ್ಮವನ್ನೇ ಮಾಡೆಲ್ ಕಲಿತು ಮೇಣದ ಮುಖ ಬರೆಯುತ್ತದೆ. ಕೈಯಳತೆಯಲ್ಲಿ ತೆಗೆದ ಸೆಲ್ಫಿಯಲ್ಲಿ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದಂತೆ ಕಾಣುತ್ತದೆ. ಆದ್ದರಿಂದ ಅರ್ಧದಷ್ಟನ್ನಾದರೂ ಬೇರೆಯವರ ಕೈಯಲ್ಲಿ, ಒಂದೂವರೆ ಮೀಟರ್ ದೂರದಿಂದ ತೆಗೆಸಿ.

ಅದೇ ಬಾಲ್ಕನಿಯ ಫೋಟೊದಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಸಂಗತಿಯಿದೆ. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಫೈಲಿನೊಳಗೆ ಅಕ್ಷಾಂಶ ರೇಖಾಂಶ ಬರೆದಿರುತ್ತದೆ. ದಶಮಾಂಶದ ನಾಲ್ಕನೇ ಅಂಕಿ ಸುಮಾರು 11 ಮೀಟರ್‌ನಷ್ಟು ನಿಖರ. ನಿಮ್ಮ ಕಟ್ಟಡ ಯಾವುದೆಂದು ತಿಳಿಯಲು ಬಹಳ ಸಲ ಅಷ್ಟು ಸಾಕು. ಕಂಪ್ಯೂಟರಿನಲ್ಲಿ ಅದನ್ನು ನಾನು exiftool ಎಂಬ ತಂತ್ರಾಂಶದಿಂದ ಹೀಗೆ ಅಳಿಸುತ್ತೇನೆ:

```
exiftool -all= -tagsfromfile @ -orientation -o clean/ *.jpg
```

`-tagsfromfile @ -orientation` ಭಾಗ ಬಿಟ್ಟರೆ ಕೆಲವು ಫೋಟೊಗಳು ಅಡ್ಡ ಮಲಗುತ್ತವೆ. ಆಮೇಲೆ ಅಕ್ಕಪಕ್ಕದವರ ಮುಖ, ಮನೆಯ ನಂಬರ್ ಫಲಕ, ಮಕ್ಕಳ ಶಾಲೆಯ ಬ್ಯಾಡ್ಜು ಇವೆಲ್ಲ ಹೋಗುವಂತೆ ಕ್ರಾಪ್ ಮಾಡುತ್ತೇನೆ.

ಇಷ್ಟಾದರೂ ಮುಖವಂತೂ ಆ ಸೇವೆಯವರ ಕೈಗೆ ಹೋಗಿಯೇ ಹೋಗುತ್ತದೆ. ಪಾಸ್‌ವರ್ಡ್ ಬದಲಿಸಿದ ಹಾಗೆ ಮುಖ ಬದಲಿಸಲಾಗದು. ಅದಕ್ಕೇ ಸೇವೆಯ ಪ್ರೈವಸಿ ಪಾಲಿಸಿಯಲ್ಲಿ ಎರಡು ಪ್ರಶ್ನೆಗೆ ಉತ್ತರ ಹುಡುಕುತ್ತೇನೆ: ಫೋಟೊ ಯಾವಾಗ ಅಳಿಸುತ್ತಾರೆ? ಅದರಿಂದ ತಯಾರಾದ ಮಾಡೆಲ್ ಯಾವಾಗ ಅಳಿಸುತ್ತಾರೆ? ಇವು ಬೇರೆ ಬೇರೆ. ಫೋಟೊ ಅಳಿಸಿದ ಮೇಲೂ ಮಾಡೆಲ್ ಉಳಿದಿದ್ದರೆ ನಿಮ್ಮ ಹೊಸ ಚಿತ್ರಗಳನ್ನು ಬರೆಯಬಲ್ಲದು. 2021ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಎವರ್‌ಆಲ್ಬಮ್ ಎಂಬ ಫೋಟೊ ಆ್ಯಪ್ ಕಂಪನಿಯ ಪ್ರಕರಣದಲ್ಲಿ, ಬಳಕೆದಾರರ ಫೋಟೊಗಳಿಂದ ತಯಾರಿಸಿದ ಮುಖ ಗುರುತಿಸುವ ಮಾಡೆಲ್‌ಗಳನ್ನೂ ಅಳಿಸಬೇಕೆಂದು ವಿಧಿಸಿತು.

ಎರಡನೇ ಪ್ರಶ್ನೆಗೆ ಪಾಲಿಸಿಯಲ್ಲಿ ಉತ್ತರವಿಲ್ಲದ ಸೇವೆಗೆ ನಾನು ಯಾರ ಫೋಟೊವನ್ನೂ ಕಳಿಸುವುದಿಲ್ಲ. ಸ್ವಂತ ಕಂಪ್ಯೂಟರಿನಲ್ಲಿ 8 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಚಿತ್ರ ಬರೆಯುವ ಸ್ಟೇಬಲ್ ಡಿಫ್ಯೂಷನ್ 1.5 ಮಾಡೆಲ್‌ಗೆ ನಿಮ್ಮ ಮುಖ ಕಲಿಸುವ ಲೋರಾ ಎಂಬ ಪುಟ್ಟ ಫೈಲನ್ನು ಅಲ್ಲೇ ತರಬೇತು ಮಾಡಬಹುದು. ಹೊತ್ತು ಹೆಚ್ಚು ಹಿಡಿಯುತ್ತದೆ, ಆದರೆ ಕೆಲಸ ಮುಗಿದ ಮೇಲೆ ಆ ಫೈಲನ್ನು ನೀವೇ ಅಳಿಸಬಹುದು.