ಮಾತ್ರೆ ಡಬ್ಬ ಬಚ್ಚಲಿಂದ ಬೀರುವಿಗೆ ಬಂದ ಕತೆ

ಮಾವನವರ ಆಸ್ಪಿರಿನ್, ನನ್ನ ಥೈರಾಯ್ಡ್ ಮಾತ್ರೆ, ಎಲ್ಲಾ ಈಗ ಮಲಗುವ ಕೋಣೆಯ ಬೀರುವಿನಲ್ಲಿ. "ಬಾತ್‌ರೂಮ್ ಕನ್ನಡಿ ಹಿಂದೆ ಕಪಾಟು ಮತ್ಯಾಕೆ ಮಾಡಿಸಿದ್ದು?" ಅಂತ ಅತ್ತೆ ಕೇಳುತ್ತಲೇ ಇದ್ದರು. ಈ ಮಳೆಗಾಲ ಕಳೆದ ಮೇಲೆ ಕೇಳುವುದನ್ನು ನಿಲ್ಲಿಸಿದ್ದಾರೆ.

ಅನುಮಾನ ಬಂದಿದ್ದು ವಾಸನೆಯಿಂದ. ಮಾವ ಸ್ಟ್ರಿಪ್ಪಿನಿಂದ ಮಾತ್ರೆ ಬಿಡಿಸಿ ಪುಟ್ಟ ಪ್ಲಾಸ್ಟಿಕ್ ಡಬ್ಬಿಗೆ ತುಂಬಿಡುತ್ತಿದ್ದರು. ಮುಚ್ಚಳ ತೆಗೆದರೆ ಘಮ್ಮನೆ ವಿನಿಗರ್! ಆಸ್ಪಿರಿನ್‌ಗೆ ತೇವ ಸೇರಿದರೆ ಸ್ಯಾಲಿಸಿಲಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲವಾಗಿ ಒಡೆಯುತ್ತದೆ. ವಿನಿಗರ್‌ನ ಹುಳಿ ವಾಸನೆಯೂ ಇದೇ ಅಸಿಟಿಕ್ ಆಮ್ಲದ್ದು. ಕೆಲವು ಮಾತ್ರೆಗಳ ಮೇಲೆ ಕೂದಲಿನಂಥ ಸಣ್ಣ ಹೊಳೆಯುವ ಎಳೆಗಳೂ ಎದ್ದಿದ್ದವು. ಅವನ್ನೂ, ಪಕ್ಕದಲ್ಲಿದ್ದ ಒಂದಿಷ್ಟನ್ನೂ ಸೇರಿಸಿ ಆರುನೂರು ರೂಪಾಯಿ ಹತ್ತಿರದ ಸರಕು ಕಸಕ್ಕೆ ಹೋಯಿತು.

ಮುನ್ನೂರು ಚಿಲ್ಲರೆ ಕೊಟ್ಟು ತೇವ, ಉಷ್ಣಾಂಶ ಎರಡೂ ತೋರಿಸುವ ಮೀಟರ್ ತಂದೆ. ದುಡ್ಡು ದಂಡ ಅಂತ ಮನೆಯಲ್ಲಿ ಗೊಣಗಾಟ. ಎಲ್ಲರ ಬಿಸಿನೀರು ಸ್ನಾನ ಮುಗಿದಾಗ ಕಪಾಟಿನೊಳಗೆ ತೇವ ಶೇಕಡಾ ತೊಂಬತ್ತು ದಾಟಿತ್ತು, ಮಧ್ಯಾಹ್ನವಾದರೂ ಪೂರ್ತಿ ಇಳಿದಿರಲಿಲ್ಲ. ಮೀಟರ್ ನಂಬದ ಅತ್ತೆಗಾಗಿ ಕರಿದ ಹಪ್ಪಳ ಒಂದು ಅಲ್ಲಿ, ಒಂದು ಬೀರುವಿನಲ್ಲಿ ಇಟ್ಟೆ. ಸಂಜೆಗೆ ಕಪಾಟಿನದು ಬಟ್ಟೆಯ ಹಾಗೆ ಮಡಚಿತು. ಅಂದಿನಿಂದ ಅವರು ನನ್ನ ಪಕ್ಷ.

ಬೀರುವಿಗೆ ಮೊದಲು ಬೇರೆ ಜಾಗಗಳನ್ನೂ ನೋಡಿದೆ. ಪೂರ್ವದ ಕಿಟಕಿ ಕಟ್ಟೆ ಒಣಗಿರುತ್ತದೆ ನಿಜ, ಆದರೆ ಏಪ್ರಿಲ್ ಬಿಸಿಲಿಗೆ ಮೀಟರ್ ನಲವತ್ತು ಡಿಗ್ರಿ ಮೀರಿತು. ಲೇಬಲ್ ಹೇಳುವುದು ಮೂವತ್ತರೊಳಗೆ, ಕೆಲವಕ್ಕೆ ಇಪ್ಪತ್ತೈದು. ಬಿಪಿಗೆ ಕೊಡುವ ನಿಫೆಡಿಪಿನ್‌ನಂಥವು ಬರೀ ಬೆಳಕಿಗೇ ಹಾಳಾಗುತ್ತವೆ. ಫ್ರಿಜ್ಜೂ ಸೋತಿತು. ತಣ್ಣಗಿನ ಬಾಟಲಿಯನ್ನು ಹೊರಗೆ ತಂದು ತೆಗೆದರೆ ಒಳಗೇ ನೀರಿನ ಪಸೆ. ಫ್ರಿಜ್ಜಿನಲ್ಲಿಡಿ ಅಂತ ಬರೆದಿರುವ ಇನ್ಸುಲಿನ್‌ನಂಥವಕ್ಕೆ ಮಾತ್ರ ಅದು ಸರಿ. ಒಲೆ ಮೇಲಿನ ಶೆಲ್ಫನ್ನು ಕುಕ್ಕರ್ ಆವಿ ನೋಡಿಯೇ ಬಿಟ್ಟೆ.

ಬೀರು ಅಂದರೂ ಎಲ್ಲಾ ಬೀರು ಅಲ್ಲ. ಬಚ್ಚಲಿಗೆ ತಾಗಿದ ಗೋಡೆಯದು ಬೇಡ, ಪಡುವಣ ಬಿಸಿಲು ಬೀಳುವ ಗೋಡೆಯದೂ ಬೇಡ. ನಮ್ಮದು ಒಳಗೋಡೆಯದು, ಬೇಸಿಗೆಯಲ್ಲೂ ಇಪ್ಪತ್ತೆಂಟರ ಆಸುಪಾಸು. ಮೇಲಿನ ಅರೆಯಲ್ಲಿ ನೂರೈವತ್ತು ರೂಪಾಯಿಯ ಬಿಗಿ ಮುಚ್ಚಳದ ಸ್ಟೀಲ್ ಡಬ್ಬ. ಸ್ಟ್ರಿಪ್ ಬಿಡಿಸುವುದಿಲ್ಲ, ಔಷಧಿ ಪೆಟ್ಟಿಗೆ ಸಮೇತ ಇಡುತ್ತೇನೆ. ಬಾಟಲಿಯೊಳಗಿನ ಸಿಲಿಕಾ ಪುಟ್ಟ ಪೊಟ್ಟಣ ಅಲ್ಲೇ ಇರಲಿ, ಹತ್ತಿ ಇದ್ದರೆ ಮಾತ್ರ ತೆಗೆಯಿರಿ, ಅದು ತೇವ ಹಿಡಿಯುತ್ತದೆ. ಮೊಮ್ಮಗನ ಕೈಗೆ ಸಿಗದ ಹಾಗೆ ಮಾಡಿಕೊಂಡ ಉಪಾಯ ಹೇಳಲ್ಲ, ಅವನಿಗೂ ಓದಲು ಬರುತ್ತದೆ!

ಒಂದು ಮಾತು. ಆಸ್ಪಿರಿನ್ ವಾಸನೆಯಲ್ಲಿ ಸುಳಿವು ಕೊಡುತ್ತದೆ, ಥೈರಾಯ್ಡ್ ಮಾತ್ರೆ ಹಾಗಲ್ಲ. ಶಕ್ತಿ ಕುಂದಿದ್ದರೂ ನೋಡಲು ಹೊಸದರ ಹಾಗೇ ಇರಬಹುದು. ಬಚ್ಚಲಲ್ಲಿದ್ದ ಆ ಬಾಟಲಿಯನ್ನು ಅರ್ಧ ತುಂಬಿದ್ದರೂ ನಾನು ಉಳಿಸಿಕೊಳ್ಳಲಿಲ್ಲ, ಅದೇ ದಿನ ಹೊಸದು ತಂದೆ.