ಗುಡ್ಡದ ತೋಟಕ್ಕೆ ಎಷ್ಟು ಎಚ್‌ಪಿ ಮೋಟಾರು ಬೇಕು?

ಪಂಪ್ ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆಯೇ ‘ಎಷ್ಟು ಎಚ್‌ಪಿ ಕೊಡ್ಲಿ?’ ಅಂತ. ಪಕ್ಕದ ತೋಟದವರು ಐದು ಹಾಕಿದ್ದಾರೆ, ನಮಗೂ ಐದೇ ಇರಲಿ ಎಂದು ತಂದುಬಿಡುವವರೇ ಜಾಸ್ತಿ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಹೇಗೂ ಕರೆಂಟ್ ಬಿಲ್ ಇಲ್ಲ, ದೊಡ್ಡದಿದ್ದರೆ ಗಂಟೇನು ಹೋಗುತ್ತದೆ ಎಂಬ ಧೈರ್ಯ ಬೇರೆ. ಆದರೆ ಎಚ್‌ಪಿ ಅನ್ನುವುದು ಲೆಕ್ಕದ ಕೊನೆಗೆ ಬರುವ ಸಂಖ್ಯೆ. ಅದಕ್ಕೂ ಮೊದಲು ಮೂರು ವಿಷಯ ಗೊತ್ತಿರಬೇಕು. ಸೆಕೆಂಡಿಗೆ ಎಷ್ಟು ಲೀಟರ್ ನೀರು ಬೇಕು, ನೀರು ಏರಬೇಕಾದ ಎತ್ತರಕ್ಕೆ ಪೈಪಿನ ತಡೆಯೂ ಸೇರಿ ಒಟ್ಟು ಎಷ್ಟು ಮೀಟರ್ ಹೆಡ್, ಆ ಕೆಲಸದಲ್ಲಿ ಪಂಪಿನ ದಕ್ಷತೆ ಎಷ್ಟು.

ತೀರ್ಥಹಳ್ಳಿ ಕಡೆಯ ಒಂದು ತೋಟವನ್ನೇ ಉದಾಹರಣೆಗೆ ಹಿಡಿಯೋಣ. ಕೆಳಗೆ ಹಳ್ಳ, ಪಕ್ಕದಲ್ಲಿ ಪಂಪಿನ ಮನೆ. ಗುಡ್ಡದ ಇಳಿಜಾರಿನಲ್ಲಿ ಮೂರು ಎಕರೆ ಹೊಸ ಅಡಿಕೆ. ತೋಟದ ನೆತ್ತಿಯಲ್ಲಿ ಒಂದು ಟ್ಯಾಂಕ್. ಪಂಪಿನ ಕೆಲಸ ಟ್ಯಾಂಕ್ ತುಂಬಿಸುವುದು ಮಾತ್ರ, ಅಲ್ಲಿಂದ ನೀರು ತಾನಾಗಿ ಡ್ರಿಪ್ಪಿಗೆ ಇಳಿಯುತ್ತದೆ.

ಎಷ್ಟು ನೀರು ಬೇಕು

ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಮರ, ಮೂರು ಎಕರೆಗೆ 1600. ಬೇಸಿಗೆಯಲ್ಲಿ ಡ್ರಿಪ್ಪಿನಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಎಂದು ಹಿಡಿದರೆ 32,000 ಲೀಟರ್ ಆಯಿತು. ತ್ರೀ ಫೇಸ್ ಕರೆಂಟ್ ಎಷ್ಟು ಹೊತ್ತು ಖಂಡಿತ ಇರುತ್ತದೋ ಅಷ್ಟನ್ನೇ ನಂಬಬೇಕು. ಮೂರು ಗಂಟೆ ಅಂತಿಟ್ಟುಕೊಂಡರೆ ಗಂಟೆಗೆ ಹತ್ತಿರ ಹತ್ತಿರ 10,800 ಲೀಟರ್, ಅಂದರೆ ಸೆಕೆಂಡಿಗೆ 3 ಲೀಟರ್.

ಇಲ್ಲೇ ಹಳ್ಳವನ್ನೂ ಒಂದು ಮಾತು ಕೇಳಬೇಕು. ಏಪ್ರಿಲ್‌ನಲ್ಲಿ ಅದು ಸೆಕೆಂಡಿಗೆ 3 ಲೀಟರ್ ಕೊಡುತ್ತದಾ? ಕೊಡದಿದ್ದರೆ ಮೋಟಾರು ಎಷ್ಟು ದೊಡ್ಡದಿದ್ದರೂ ಫುಟ್‌ವಾಲ್ವ್ ಗಾಳಿ ಎಳೆಯುತ್ತದೆ, ಅಷ್ಟೇ.

ಹೆಡ್ ಅಳೆಯುವುದು

ಹಳ್ಳದ ನೀರಿನ ಮಟ್ಟದಿಂದ ಟ್ಯಾಂಕಿನೊಳಗೆ ನೀರು ಬೀಳುವ ಪೈಪಿನ ಬಾಯಿವರೆಗಿನ ನೇರ ಎತ್ತರ ಮೊದಲು ಬೇಕು. ಇಳಿಜಾರಿನ ಮೇಲೆ ಟೇಪ್ ಎಳೆದರೆ ಬರುವುದು ಪೈಪಿನ ಉದ್ದ, ಎತ್ತರ ಅಲ್ಲ. ಮೊಬೈಲ್ ತೋರಿಸುವ ಎತ್ತರ ಹತ್ತು ಮೀಟರ್ ಆಚೀಚೆ ಆದರೂ ಕೇಳುವವರಿಲ್ಲ, ಅದನ್ನು ನಂಬಬೇಡಿ. ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ನೀರಿನ ಟ್ಯೂಬ್ ಸಾಕು. ಅದರ ಎರಡೂ ತುದಿಯ ನೀರು ಒಂದೇ ಮಟ್ಟದಲ್ಲಿರುತ್ತದೆ. ಕೆಳಗಿನವರು ತಮ್ಮ ತುದಿಯನ್ನು ಒಂದೂವರೆ ಮೀಟರ್ ಕೋಲಿನ ಮೇಲ್ತುದಿಗೆ ಹಿಡಿಯಬೇಕು. ಮೇಲಿನವರು ತಮ್ಮ ತುದಿಯ ನೀರು ನೆಲಕ್ಕೆ ಸಮವಾಗುವ ಜಾಗ ಹುಡುಕಿ ಗೂಟ ಹೊಡೆಯಬೇಕು. ಮುಂದಿನ ಸಲ ಕೋಲು ಆ ಗೂಟದ ಮೇಲೆ. ಗೂಟಗಳನ್ನು ಎಣಿಸಿ ಒಂದೂವರೆಯಿಂದ ಗುಣಿಸಿದರೆ ಎತ್ತರ ಸಿಕ್ಕಿತು.

ಪೈಪ್ ಆಗಲೇ ಹಾಕಿದ್ದರೆ ಇನ್ನೂ ಸುಲಭ. ಪೈಪ್ ತುಂಬ ನೀರಿರುವಾಗ ಪಂಪ್ ನಿಲ್ಲಿಸಿ, ಕೆಳಗಡೆ ಪ್ರೆಶರ್ ಗೇಜ್ ನೋಡಿ. ಪ್ರತಿ ಒಂದು ಕೆಜಿ ಪ್ರೆಶರ್‌ಗೆ 10 ಮೀಟರ್ ಎತ್ತರ.

ನಮ್ಮ ತೋಟದಲ್ಲಿ ಬೇಸಿಗೆಯ ನೀರಿನ ಮಟ್ಟದಿಂದ ಪಂಪಿಗೆ 3 ಮೀಟರ್, ಪಂಪಿನಿಂದ ಟ್ಯಾಂಕಿಗೆ 27 ಮೀಟರ್. ಒಟ್ಟು 30. ನೀರಿನಿಂದ ಪಂಪಿನವರೆಗಿನ ಈ ಸಕ್ಷನ್ ಎತ್ತರವನ್ನು ಮಳೆಗಾಲದಲ್ಲಿ ಅಳೆದು ಮೋಸಹೋಗಬೇಡಿ. ಅದು 6 ಮೀಟರ್ ದಾಟುವ ಹಾಗಿದ್ದರೆ ಮೋಟಾರಿನ ಲೆಕ್ಕ ಬದಿಗಿಟ್ಟು ಪಂಪನ್ನೇ ಕೆಳಗಿಳಿಸುವ ದಾರಿ ನೋಡಿ.

ಇದರ ಮೇಲೆ ಪೈಪಿನೊಳಗಿನ ಉಜ್ಜುವಿಕೆ. 63 ಎಂಎಂ ಪಿವಿಸಿ ಪೈಪಿನಲ್ಲಿ ಸೆಕೆಂಡಿಗೆ 3 ಲೀಟರ್ ಹರಿದರೆ 100 ಮೀಟರ್ ಉದ್ದಕ್ಕೆ ಸುಮಾರು 2.5 ಮೀಟರ್ ಹೆಡ್ ಕಳೆದುಹೋಗುತ್ತದೆ. ನಮ್ಮ ಪೈಪ್ 180 ಮೀಟರ್, ಹಾಗಾಗಿ ನಾಲ್ಕೂವರೆ ಮೀಟರ್. ಫುಟ್‌ವಾಲ್ವ್, ಬೆಂಡು, ಗೇಟ್‌ವಾಲ್ವ್ ಎಲ್ಲ ಸೇರಿ ಇನ್ನೊಂದೂವರೆ. ಒಟ್ಟು ಹೆಡ್ 36 ಮೀಟರ್.

ದುಡ್ಡು ಉಳಿಸೋಣ ಎಂದು 50 ಎಂಎಂ ಪೈಪ್ ಹಾಕಿದ್ದರೆ? ಅದೇ 180 ಮೀಟರಿಗೆ ಉಜ್ಜುವಿಕೆಯೇ 14 ಮೀಟರ್ ಆಗುತ್ತಿತ್ತು. ಬೆಂಡು-ವಾಲ್ವ್ ಸೇರಿ ಹೆಡ್ 45 ದಾಟುತ್ತಿತ್ತು. ಪೈಪಿನಲ್ಲಿ ಉಳಿಸಿದ ದುಡ್ಡನ್ನು ಮೋಟಾರಿಗೆ ಸುರಿಯಬೇಕಾಗುತ್ತಿತ್ತು.

ಲೆಕ್ಕ

ನೀರಿಗೆ ಸೇರಬೇಕಾದ ಶಕ್ತಿಯ ಸೂತ್ರ ಇದು:

ವ್ಯಾಟ್ = ಸೆಕೆಂಡಿಗೆ ಲೀಟರ್ × ಮೀಟರ್ ಹೆಡ್ × 9.81

3 × 36 × 9.81 ಅಂದರೆ ಸುಮಾರು 1060 ವ್ಯಾಟ್. ಒಂದು ಎಚ್‌ಪಿಗೆ 746 ವ್ಯಾಟ್, ಹಾಗಾಗಿ 1.42 ಎಚ್‌ಪಿ. ಇಷ್ಟು ನೀರಿಗೇ ಸೇರಬೇಕು. ಆದರೆ ಪಂಪ್ ತನಗೆ ಸಿಕ್ಕ ಶಕ್ತಿಯನ್ನೆಲ್ಲ ನೀರಿಗೆ ಕೊಡುವುದಿಲ್ಲ. ಅದಕ್ಕೇ ದಕ್ಷತೆಯಿಂದ ಭಾಗಿಸಬೇಕು.

ಎಲ್ಲ ತೀರ್ಮಾನವಾಗುವುದು ಇಲ್ಲಿ. ಪಂಪಿನ ದಕ್ಷತೆ 50% ಇದ್ದರೆ ಶಾಫ್ಟಿಗೆ 2.84 ಎಚ್‌ಪಿ ಬೇಕು. ಸಣ್ಣ ಮೋಟಾರಿಗೆ 20% ಹೆಚ್ಚುವರಿ ಇಡುವುದು ಒಳ್ಳೆಯದು. ಆಗ 3.4 ಎಚ್‌ಪಿ ಆಗುತ್ತದೆ. 3 ಎಚ್‌ಪಿ ಸಾಲದು, ಐದಕ್ಕೆ ಹೋಗಬೇಕು. ಅದೇ ಕೆಲಸಕ್ಕೆ 58% ದಕ್ಷತೆಯ ಪಂಪ್ ಸಿಕ್ಕರೆ 1060ನ್ನು 0.58ರಿಂದ ಭಾಗಿಸಿ 1830 ವ್ಯಾಟ್, ಅಂದರೆ 2.45 ಎಚ್‌ಪಿ. 20% ಸೇರಿಸಿದರೆ 2.94. ಮೂರು ಎಚ್‌ಪಿ ಸರಿಯಾಗಿ ಸಾಕು. ನೀರು ಅಷ್ಟೇ, ಎತ್ತರ ಅಷ್ಟೇ, ಪಂಪ್ ಮಾತ್ರ ಬೇರೆ.

ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ್ದು ‘36 ಮೀಟರ್ ಹೆಡ್ಡಿನಲ್ಲಿ 3 ಲೀಟರ್ ಕೊಡುವಾಗ ಇದರ ದಕ್ಷತೆ ಎಷ್ಟು?’ ಎಂದು. ಕಂಪನಿಯ ಹಾಳೆಯಲ್ಲಿ ದಪ್ಪಕ್ಷರದಲ್ಲಿರುವ ದಕ್ಷತೆ ಆ ಪಂಪಿಗೆ ಅತ್ಯಂತ ಹಿತವಾದ ಒಂದೇ ಒಂದು ಹೆಡ್ಡಿನದ್ದು. ನಿಮ್ಮ ಹೆಡ್ ಅದಕ್ಕಿಂತ ದೂರ ಇದ್ದರೆ ಹತ್ತಿಪ್ಪತ್ತು ಅಂಶ ಇಳಿದಿರುತ್ತದೆ. ಇನ್ನೊಂದು ಗೊಂದಲವೂ ಇದೆ. ಮೋನೋಬ್ಲಾಕ್ ಪಂಪಿನ ಹಾಳೆಯಲ್ಲಿ ಎಷ್ಟೋ ಸಲ ಪಂಪ್ ಮತ್ತು ಮೋಟಾರು ಎರಡೂ ಸೇರಿದ ಓವರಾಲ್ ದಕ್ಷತೆ ಇರುತ್ತದೆ. ಪಂಪಿನದು 58%, ಮೋಟಾರಿನದು 80% ಆದರೆ ಓವರಾಲ್ 46% ಆಗುತ್ತದೆ. ಈ 46ನ್ನು ಪಂಪಿನ ದಕ್ಷತೆ ಎಂದುಕೊಂಡು ಭಾಗಿಸಿದರೆ ಸುಮ್ನೆ ದೊಡ್ಡ ಮೋಟಾರು ತರುತ್ತೀರಿ. ಮೋಟಾರಿನ ನೇಮ್‌ಪ್ಲೇಟಿನಲ್ಲಿ ಬರೆದ ಎಚ್‌ಪಿ ಶಾಫ್ಟಿನಲ್ಲಿ ಹೊರಬರುವ ಶಕ್ತಿ. ಎಚ್‌ಪಿ ಆರಿಸುವಾಗ ಮೋಟಾರಿನ ದಕ್ಷತೆಯಿಂದ ಇನ್ನೊಮ್ಮೆ ಭಾಗಿಸಬೇಕಾಗಿಲ್ಲ. ಲೈನಿನಿಂದ ಎಷ್ಟು ಕರೆಂಟ್ ಎಳೆಯುತ್ತದೆ ಎಂದು ತಿಳಿಯಲು ಮಾತ್ರ ಅದು ಬೇಕು.

ಆ 20% ಯಾಕೆ ಅಂತೀರಾ? ಟ್ರಾನ್ಸ್‌ಫಾರ್ಮರ್‌ನಿಂದ ದೂರದ, ಲೈನಿನ ಕೊನೆಯ ತೋಟಗಳಲ್ಲಿ 415 ಇರಬೇಕಾದ ವೋಲ್ಟೇಜ್ 350ಕ್ಕೆ ಇಳಿಯುತ್ತದೆ. ಪಂಪ್ ಕೇಳುವ ಶಕ್ತಿ ಅಷ್ಟೇನೂ ಇಳಿಯುವುದಿಲ್ಲ. ಹಾಗಾಗಿ ಮೋಟಾರು ಆಂಪಿಯರ್ ಹೆಚ್ಚಿಸಿಕೊಂಡು ಎಳೆಯುತ್ತದೆ, ವೈಂಡಿಂಗ್ ಬಿಸಿಯಾಗುತ್ತದೆ. ಎಲ್ಲರೂ ಬೇಕಾದ್ದಕ್ಕಿಂತ ದೊಡ್ಡ ಮೋಟಾರು ಹಾಕಿದರೆ ಆ ವೋಲ್ಟೇಜ್ ಇನ್ನೂ ಕುಸಿಯುತ್ತದೆ ಅನ್ನುವುದು ಬೇರೆ ಮಾತು.

ಎತ್ತರ ಕಮ್ಮಿಯಾದರೆ ಮೋಟಾರಿಗೆ ಕಷ್ಟ

ಲೆಕ್ಕ ಸರಿಯಾಗಿದ್ದೂ ಮೋಟಾರು ಸುಡುವುದು ಹೆಚ್ಚಾಗಿ ಇಲ್ಲಿ. ಇದೇ ಪಂಪಿನ ಡೆಲಿವರಿಗೆ ಒಂದು ಟೀ ಹಾಕಿ, ಕೆಳಗಿನ ಹಳೇ ತೋಟಕ್ಕೂ ನೀರು ಬಿಡುತ್ತಾರೆ. ಅದು ಪಂಪಿನಿಂದ ಬರೀ 8 ಮೀಟರ್ ಎತ್ತರ, 100 ಮೀಟರ್ ದೂರ. ಎತ್ತರ ಕಮ್ಮಿ, ಮೋಟಾರಿಗೆ ಹಗುರ ಅಲ್ವಾ?

ಅಲ್ಲ. ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ತಡೆ ಕಡಿಮೆಯಾದಷ್ಟೂ ನೀರು ಜಾಸ್ತಿ ನುಗ್ಗುತ್ತದೆ. ನೀರು ಹೆಚ್ಚಾದಂತೆ ಇಂಪೆಲ್ಲರ್ ಶಾಫ್ಟಿನಿಂದ ಕೇಳುವ ಶಕ್ತಿಯೂ ಏರುತ್ತದೆ. ನಮ್ಮ ಮೂರು ಎಚ್‌ಪಿ ಪಂಪಿನ ಹಾಳೆಯಲ್ಲಿ 22 ಮೀಟರ್ ಹೆಡ್ಡಿಗೆ 5.5 ಲೀಟರ್, ದಕ್ಷತೆ 48% ಎಂದಿದೆ ಅಂತಿಟ್ಟುಕೊಳ್ಳಿ. ಕೆಳಗಿನ ತೋಟದ ಎತ್ತರ, ಸಕ್ಷನ್, ಉಜ್ಜುವಿಕೆ ಎಲ್ಲ ಸೇರಿದರೆ ಒಟ್ಟು ಹೆಡ್ಡೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. 5.5 × 22 × 9.81 ಅಂದರೆ 1187 ವ್ಯಾಟ್. 0.48ರಿಂದ ಭಾಗಿಸಿದರೆ 2470 ವ್ಯಾಟ್, ಅಂದರೆ 3.3 ಎಚ್‌ಪಿ. ಗುಡ್ಡದ ಮೇಲಿನ ಟ್ಯಾಂಕಿಗೆ 2.45ರಲ್ಲಿ ಆರಾಮಾಗಿ ಓಡುತ್ತಿದ್ದ ಮೋಟಾರು ಕೆಳಗಿನ ತೋಟಕ್ಕೆ ಹೋದಾಗ ತನ್ನ ಮಿತಿ ಮೀರಿತು. ನಡುದಾರಿಯಲ್ಲಿ ಪೈಪ್ ಒಡೆದರೂ ಆಗುವುದು ಇದೇ.

ಆದ್ದರಿಂದ ಲೆಕ್ಕ ಎರಡು ಸಲ ಮಾಡಬೇಕು, ಅತಿ ಹೆಚ್ಚು ಹೆಡ್ಡಿಗೊಮ್ಮೆ, ಅತಿ ಕಡಿಮೆ ಹೆಡ್ಡಿಗೊಮ್ಮೆ. ಎರಡರಲ್ಲಿ ದೊಡ್ಡದು ಯಾವುದೋ ಅದಕ್ಕೆ ಮೋಟಾರು ಹೊಂದಬೇಕು. ಕೆಳಗಿನ ತೋಟಕ್ಕೆ ಅಷ್ಟು ನೀರು ಬೇಕಾಗಿಲ್ಲದಿದ್ದರೆ ಐದು ಎಚ್‌ಪಿಗೆ ಹೋಗುವ ಅಗತ್ಯ ಇಲ್ಲ. ಆ ಕವಲಿನಲ್ಲಿ ಗೇಟ್‌ವಾಲ್ವ್ ಹಾಕಿ ಹರಿವು ತಗ್ಗಿಸಿದರೆ ಸಾಕು. ಡೆಲಿವರಿ ವಾಲ್ವ್ ಮುಚ್ಚಿಟ್ಟು ಸ್ಟಾರ್ಟ್ ಮಾಡಿ, ಆಮೇಲೆ ನಿಧಾನ ತೆರೆಯಿರಿ ಎಂದು ಎಲೆಕ್ಟ್ರಿಷಿಯನ್ ಹೇಳುವುದೂ ಇದೇ ಕಾರಣಕ್ಕೆ. ನೀರು ಹರಿಯದಿರುವಾಗ ಈ ಪಂಪ್ ಕೇಳುವ ಶಕ್ತಿ ಅತಿ ಕಮ್ಮಿ. ಆದರೆ ಮುಚ್ಚಿದ ವಾಲ್ವಿನಲ್ಲೇ ಓಡಿಸುತ್ತಾ ಇರಬೇಡಿ, ಒಳಗಿನ ನೀರು ಕಾಯುತ್ತದೆ.

ಕೂರಿಸಿದ ಮೇಲೆ

ಟ್ಯಾಂಕಿನ ಹತ್ತಿರ 200 ಲೀಟರ್ ಡ್ರಮ್ ಇಟ್ಟು, ಪೈಪಿನ ಬಾಯಿ ಇದ್ದ ಎತ್ತರದಲ್ಲೇ ಇರುವಂತೆ ನೋಡಿಕೊಂಡು ತುಂಬಿಸಿ. 67 ಸೆಕೆಂಡಿಗೆ ತುಂಬಿದರೆ ನಮ್ಮ 3 ಲೀಟರ್ ಬಂತು. ತೊಂಬತ್ತು ಸೆಕೆಂಡ್ ಆಯಿತು ಅಂದರೆ ಹೆಡ್ ಲೆಕ್ಕಕ್ಕಿಂತ ಜಾಸ್ತಿ ಇದೆ, ಇಲ್ಲವೇ ಸಕ್ಷನ್ ಗಾಳಿ ಎಳೆಯುತ್ತಿದೆ. ಮೋಟಾರು ಉಲ್ಟಾ ತಿರುಗುತ್ತಿರಲೂಬಹುದು. ತ್ರೀ ಫೇಸಿನಲ್ಲಿ ಎರಡು ವೈರ್ ಅದಲುಬದಲಾದರೆ ಸಾಕು. ಉಲ್ಟಾ ತಿರುಗಿದರೂ ಪಂಪ್ ಅಷ್ಟಿಷ್ಟು ನೀರು ಕೊಡುತ್ತದೆ, ಅದಕ್ಕೇ ಬೇಗ ಗೊತ್ತಾಗುವುದಿಲ್ಲ.

ಆಮೇಲೆ ಟಾಂಗ್ ಟೆಸ್ಟರ್‌ನಿಂದ ಮೂರೂ ವೈರಿನ ಆಂಪಿಯರ್ ನೋಡಿಸಿ. ಮೂರು ಎಚ್‌ಪಿ ತ್ರೀ ಫೇಸ್ ಮೋಟಾರಿಗೆ ಪೂರ್ತಿ ಲೋಡಿನಲ್ಲಿ ಐದರ ಆಸುಪಾಸು. ನಿಖರ ಸಂಖ್ಯೆ ನೇಮ್‌ಪ್ಲೇಟಿನಲ್ಲಿರುತ್ತದೆ. ಟ್ಯಾಂಕಿಗೆ ಹೋಗುವಾಗ ಅದಕ್ಕಿಂತ ಕಡಿಮೆ ಬರಬೇಕು. ಕೆಳಗಿನ ತೋಟಕ್ಕೆ ತಿರುಗಿಸಿದಾಗ ಮೀರಿದರೆ, ಆಂಪಿಯರ್ ನೇಮ್‌ಪ್ಲೇಟಿನ ಸಂಖ್ಯೆಗಿಂತ ಕೆಳಗಿಳಿಯುವವರೆಗೆ ಆ ಗೇಟ್‌ವಾಲ್ವನ್ನು ಮುಚ್ಚುತ್ತಾ ಬನ್ನಿ. ಎಷ್ಟು ಸುತ್ತು ತೆರೆದಿದೆ ಎಂದು ಪಂಪಿನ ಮನೆಯ ಗೋಡೆಗೆ ಬರೆದಿಡಿ. ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನೂ ನೇಮ್‌ಪ್ಲೇಟಿನ ಆಂಪಿಯರಿಗೇ ಇಡಿಸಿ. ಪದೇ ಪದೇ ಟ್ರಿಪ್ ಆಗುತ್ತಿದೆ ಎಂದು ಯಾರಾದರೂ ಅದರ ತಿರುಪು ಮೇಲೇರಿಸಲು ಹೊರಟರೆ ತಡೆಯಿರಿ, ಮೊದಲು ವೋಲ್ಟೇಜ್ ಮತ್ತು ವಾಲ್ವ್ ನೋಡಿಸಿ.