ಇಮೇಲಿನ ವಿಷಯದ ಸಾಲು: ಒಂದೇ ಸಾಲಿನಲ್ಲಿ ಭೇಟಿ ಕೇಳುವುದನ್ನು ಹೇಗೆ ಕಲಿತೆ

ನಾನು ಹಾವೇರಿ ಜಿಲ್ಲೆಯ ಒಂದು ರೈತ ಉತ್ಪಾದಕರ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಸದಸ್ಯರು ಹೆಚ್ಚಿನವರು ಬ್ಯಾಡಗಿ ಮೆಣಸಿನಕಾಯಿ ಬೆಳೆಯುವವರು. ದರ ಸರಿ ಬರಲಿಲ್ಲ ಅಂದರೆ ಕಾಯನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತೇವೆ. ಅಲ್ಲಿ ಕೊಡುವ ರಸೀದಿಯ ಮೇಲೆ ಬ್ಯಾಂಕಿನಿಂದ ಸಾಲ ಪಡೆಯಬೇಕು. ಅದಕ್ಕೆ ಹುಬ್ಬಳ್ಳಿಯಲ್ಲಿ ಕೂತಿರುವ ಒಬ್ಬ ಸಾಲದ ಅಧಿಕಾರಿಯನ್ನು ಮುಖಾಮುಖಿ ನೋಡಬೇಕಿತ್ತು. ಆಗ ಮಾರ್ಚ್ ತಿಂಗಳು. ಬ್ಯಾಂಕಿನವರಿಗೆ ವರ್ಷದ ಕೊನೆಯ ಲೆಕ್ಕ, ನಮಗೆ ಕಾಯಿ ಬರುವ ಭರಾಟೆ.

ನಾನು ಕಳಿಸಿದ ಮೊದಲ ಇಮೇಲಿನ ವಿಷಯದ ಸಾಲು ಹೀಗಿತ್ತು:

ಶೀತಲಗೃಹದಲ್ಲಿ ದಾಸ್ತಾನಿಟ್ಟಿರುವ ಮೆಣಸಿನಕಾಯಿಯ ರಸೀದಿಗಳ ಮೇಲೆ ಸಾಲ ಪಡೆಯುವ ಬಗ್ಗೆ ಚರ್ಚಿಸಲು ಭೇಟಿಗೆ ಸಮಯ ಕೋರಿ

ಇದರಲ್ಲಿ ತಪ್ಪೇನೂ ಇಲ್ಲ ಅನ್ನಿಸುತ್ತದೆ, ಅಲ್ವಾ? ಶಾಲೆಯಲ್ಲಿ ಅರ್ಜಿ ಬರೆಯಲು ಕಲಿಸಿದ್ದು ಹೀಗೆಯೇ. ಕಾಗದದ ಮೇಲಾದರೆ ಇದು ಚೆನ್ನಾಗಿಯೇ ಕಾಣುತ್ತದೆ. ಒಂಬತ್ತು ದಿನ ಕಾದೆ, ಉತ್ತರ ಬರಲಿಲ್ಲ.

ಅದೇ ಮೇಲನ್ನು ನನಗೇ ಕಳಿಸಿಕೊಂಡು ಫೋನಿನಲ್ಲಿ ನೋಡಿದಾಗ ಕಾರಣ ಕಾಣಿಸಿತು. ಕಂಪ್ಯೂಟರ್ ಪರದೆಯಲ್ಲಿ ವಿಷಯದ ಸಾಲು ಉದ್ದಕ್ಕೆ ಕಾಣುತ್ತದೆ. ಫೋನಿನ ಇನ್‌ಬಾಕ್ಸಿನಲ್ಲಿ ಅದು ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ. ಕನ್ನಡ ಅಕ್ಷರ ಅಗಲ, ನಮ್ಮ ಪದಗಳೂ ಉದ್ದ. ನನ್ನ ಫೋನಿನಲ್ಲಿ ಉಳಿದದ್ದು ಇಷ್ಟೇ: "ಶೀತಲಗೃಹದಲ್ಲಿ ದಾಸ್ತಾನಿಟ್ಟಿರುವ ಮೆಣಸಿನಕಾಯಿಯ…" ಇದನ್ನು ಓದಿದವರಿಗೆ ನಾನು ಕಾಯಿ ಮಾರಲು ಬಂದಿದ್ದೇನೋ, ದೂರು ಹೇಳುತ್ತಿದ್ದೇನೋ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಏನು ಬೇಕು ಅನ್ನುವ ಮಾತು ವಾಕ್ಯದ ಕೊನೆಗೆ ಬರುತ್ತದೆ. "ಭೇಟಿ", "ಸಮಯ", "ಕೋರಿ" ಎಲ್ಲ ಕೊನೆಯಲ್ಲಿದ್ದವು. ಫೋನು ಕತ್ತರಿಸುವುದೂ ಆ ಕೊನೆಯನ್ನೇ. ಇಂಗ್ಲಿಷ್ ಮೇಲಿಗಿಂತ ಕನ್ನಡ ಮೇಲಿಗೆ ಈ ಪೆಟ್ಟು ಜಾಸ್ತಿ ಬೀಳುವುದು ಇದಕ್ಕೇ.

ಎರಡನೇ ಸಲ ಪೂರ್ತಿ ಉಲ್ಟಾ ಮಾಡಿದೆ: "ಭೇಟಿಗೆ ಅವಕಾಶ ಬೇಕು, ಬುಧವಾರ". ಇದು ಫೋನಿನಲ್ಲಿ ಪೂರ್ತಿ ಕಂಡಿತು. ಆದರೂ ಉತ್ತರ ಇಲ್ಲ. ಯಾರು, ಯಾತಕ್ಕೆ, ಎಷ್ಟು ಹೊತ್ತು ಅನ್ನುವುದು ಅದರಲ್ಲಿ ಇರಲಿಲ್ಲ. ಕಳಿಸಿದವರ ಹೆಸರಿನ ಜಾಗದಲ್ಲಿ ನಮ್ಮ ಕಂಪನಿಯ ಹೆಸರೂ ಇರಲಿಲ್ಲ, ಬರೀ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಮೇಲ್ ವಿಳಾಸ ಇತ್ತು. ವಿಮೆ ಮಾರುವವರ ಇಮೇಲೂ ಹಾಗೆಯೇ ಕಾಣುತ್ತದೆ. ಹಾಗಾಗಿ ಮೊದಲು ಮೇಲ್ ಸೆಟ್ಟಿಂಗಿನಲ್ಲಿ ಕಳಿಸುವವರ ಹೆಸರಿಗೆ ಕಂಪನಿಯ ಹೆಸರು ಹಾಕಿದೆ. ವಿಷಯದ ಸಾಲಿನಲ್ಲಿ ನಮ್ಮ ಹೆಸರು ಬರೆಯುವ ಅಗತ್ಯ ಆಗಲೇ ಹೋಯಿತು. ಅಷ್ಟು ಜಾಗ ಉಳಿಯಿತು.

ಮೂರನೇ ಸಾಲು ಬರೆಯುವ ಮುಂಚೆ ಒಂದು ಕೆಲಸ ಮಾಡಿದೆ. ಆ ಅಧಿಕಾರಿಯಿಂದ ನನಗೆ ನಿಜವಾಗಿ ಏನು ಬೇಕು ಅಂತ ಒಂದು ಚೀಟಿಯಲ್ಲಿ ಬರೆದೆ. "ಸಾಲದ ಬಗ್ಗೆ ಚರ್ಚೆ" ಅಲ್ಲ. ಕಾಯಿ ಇಟ್ಟ ರಸೀದಿಗಳು ಕೆಲವು ರೈತರ ಹೆಸರಿನಲ್ಲಿ, ಕೆಲವು ಕಂಪನಿಯ ಹೆಸರಿನಲ್ಲಿ ಇದ್ದವು. ಎರಡೂ ಸೇರಿಸಿ ಸಾಲ ಕೊಡುತ್ತಾರಾ, ಇಲ್ಲ ಎಲ್ಲವನ್ನೂ ಒಂದೇ ಹೆಸರಿಗೆ ಮಾಡಿಸಬೇಕಾ? ಬೇಕಿದ್ದದ್ದು ಅದೊಂದೇ ಉತ್ತರ. ಇಪ್ಪತ್ತು ನಿಮಿಷದ ಮಾತು. ಚೀಟಿ ಕೈಯಲ್ಲಿ ಇದ್ದ ಮೇಲೆ ಸಾಲು ತಾನಾಗಿಯೇ ಬಂತು:

ಮೆಣಸಿನಕಾಯಿ ಸಾಲ: ಬುಧ 19ಕ್ಕೆ 20 ನಿಮಿಷ ಸಿಗುತ್ತೀರಾ? ರಸೀದಿ ಹೆಸರಿನ ಪ್ರಶ್ನೆ

ಮೊದಲ ಎರಡು ಪದ ನೋಡಿದರೆ ಇದು ತನ್ನ ಟೇಬಲ್ಲಿನ ಕೆಲಸ ಅಂತ ಅವರಿಗೆ ಗೊತ್ತಾಗುತ್ತದೆ. ಆಮೇಲೆ ದಿನ. ಫೋನು ಅಲ್ಲಿಗೇ ಕತ್ತರಿಸಿದರೂ ಪರವಾಗಿಲ್ಲ, ಯಾವ ಕೆಲಸ, ಯಾವ ದಿನ ಎರಡೂ ಕಂಡಿರುತ್ತವೆ. ಕೊನೆಯಲ್ಲಿ ಇರುವ "ರಸೀದಿ ಹೆಸರಿನ ಪ್ರಶ್ನೆ" ಕಾಣದಿದ್ದರೂ ನಷ್ಟ ಇಲ್ಲ, ಮೇಲ್ ತೆರೆದಾಗ ಸಿಗುತ್ತದೆ. ದಿನ ಆರಿಸಿದ್ದೂ ಸುಮ್ನೆ ಅಲ್ಲ. ಬ್ಯಾಡಗಿ ಮಾರುಕಟ್ಟೆ ಸೋಮವಾರ ಮತ್ತು ಗುರುವಾರ. ಆ ಎರಡು ದಿನ ನಾನು ಹುಬ್ಬಳ್ಳಿಗೆ ಹೋಗಲಾರೆ. ಅದನ್ನು ಬಿಟ್ಟು ದಿನ ಕೊಟ್ಟಿದ್ದರಿಂದ ಹೇಳಿದ ದಿನಕ್ಕೆ ಖಂಡಿತ ಹೋಗುವ ಧೈರ್ಯ ಇತ್ತು.

ಪ್ರಶ್ನೆ ಚಿಹ್ನೆಯ ಬಗ್ಗೆ ಒಂದು ಮಾತು. "ಸಮಯ ಕೋರಿ" ಅಂದರೆ ಎದುರಿನವರು ತಮ್ಮ ಡೈರಿ ತೆಗೆದು, ಖಾಲಿ ದಿನ ಹುಡುಕಿ, ಅದನ್ನು ಬರೆಯಬೇಕು. "ಬುಧ 19ಕ್ಕೆ ಸಿಗುತ್ತೀರಾ?" ಅಂದರೆ ಹೌದು ಅಥವಾ ಬೇರೆ ದಿನ ಅಂತ ಬರೆದರೆ ಸಾಕು. ಇಮೇಲಿನ ಒಳಗಿನ ಮೊದಲ ವಾಕ್ಯದಲ್ಲೂ ಅದನ್ನೇ ಬರೆದೆ, ಸಾಧ್ಯವಾಗದಿದ್ದರೆ ಶುಕ್ರವಾರ 21 ಅಂತ ಸೇರಿಸಿದೆ. ಸಾಲದ ಮೊತ್ತವನ್ನಾಗಲಿ, ರೈತರ ಹೆಸರನ್ನಾಗಲಿ ವಿಷಯದ ಸಾಲಿನಲ್ಲಿ ಹಾಕಲಿಲ್ಲ. ಲಾಕ್ ಆದ ಫೋನಿನ ಮೇಲೂ ಆ ಸಾಲು ಮೂಡುತ್ತದೆ, ಪಕ್ಕದವರು ಓದಬಹುದು.

ಮಧ್ಯಾಹ್ನ ಕಳಿಸಿದೆ, ಸಂಜೆಗೇ ಉತ್ತರ ಬಂತು. "19ಕ್ಕೆ 4 ಗಂಟೆಗೆ ಬರ್ರಿ, ರಸೀದಿ ಜೆರಾಕ್ಸ್ ತರ್ರಿ." ಹೋದಾಗ ಅವರು ಫೋನ್ ತೋರಿಸಿ ಹೇಳಿದರು: "ಮೊದಲ ಮೇಲ್ ಬಂದಿದ್ದು ನೋಡೀನ್ರಿ. ಏನೋ ದಾಸ್ತಾನು ಅಂತ ಇತ್ತು, ಆಮ್ಯಾಲೆ ನೋಡಿದ್ರಾತು ಅಂತ ಬಿಟ್ಟೆ." ಆ ಮೇಲ್ ಅಷ್ಟೊತ್ತಿಗೆ ಬೇರೆ ಮೇಲುಗಳ ಕೆಳಗೆ ಹೋಗಿತ್ತು.

ಅದಾದ ಮೇಲೆ ಮಾಡಿದ ಎರಡು ತಪ್ಪು ಹೇಳಲೇಬೇಕು. ಒಮ್ಮೆ ನಮ್ಮ ಆಫೀಸಿನ ಹಳೆಯ ನುಡಿ ತಂತ್ರಾಂಶದ ಕಡತದಿಂದ ವಿಷಯವನ್ನು ನಕಲು ಮಾಡಿ ಹಾಕಿದೆ. ಆ ಹಳೆಯ ಅಕ್ಷರ ನುಡಿಯ ಫಾಂಟಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ, ವಿಷಯದ ಸಾಲಿಗೆ ನಾವು ಫಾಂಟ್ ಆರಿಸಲು ಆಗುವುದಿಲ್ಲ. "ಸಭೆ" ಅಂತ ಇದ್ದದ್ದು ಎದುರಿನವರಿಗೆ `¸À¨sÉ` ಅಂತ ಹೋಯಿತು. ಇಂಥ ಸಾಲು ನೋಡಿದವರು ವೈರಸ್ ಅಂದುಕೊಂಡು ಅಳಿಸಿದರೂ ತಪ್ಪಿಲ್ಲ. ಈಗ ಯೂನಿಕೋಡಿನಲ್ಲೇ ಬರೆಯುತ್ತೇನೆ. ಹಳೆಯ ಕಡತದ್ದಾದರೆ ಪರಿವರ್ತಿಸಿ, ನನಗೇ ಒಂದು ಕಳಿಸಿ ನೋಡುತ್ತೇನೆ.

ಇನ್ನೊಂದು, ಮುಂದಿನ ಭೇಟಿಗೆ ಹಳೆಯ ಮೇಲಿಗೇ ಉತ್ತರ ಬರೆದು ಹೊಸ ದಿನ ಕೇಳಿದ್ದು. ಸಾಲಿನಲ್ಲಿ ಇನ್ನೂ "ಬುಧ 19" ಅಂತಲೇ ಇತ್ತು, ದಿನ ಮಾತ್ರ ಕಳೆದುಹೋಗಿತ್ತು. ಮುಗಿದ ಕೆಲಸ ಅಂದುಕೊಂಡು ಯಾರೂ ತೆರೆಯಲಿಲ್ಲ. ಈಗ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಕೇಳಿದ ದಿನ ಇನ್ನೂ ಬಂದಿಲ್ಲ ಅಂದರೆ ಮೂರನೇ ದಿನಕ್ಕೆ ಅದೇ ಮೇಲಿಗೆ ಒಂದು ಸಾಲಿನ ನೆನಪು ಹಾಕುತ್ತೇನೆ. ದಿನ ಕಳೆದಿದ್ದರೆ ಹೊಸ ದಿನ ಇರುವ ಹೊಸ ಮೇಲನ್ನೇ ಕಳಿಸುತ್ತೇನೆ. ಜಿಮೇಲಿನಲ್ಲಿ ಉತ್ತರದ ವಿಷಯದ ಸಾಲು ಬದಲಾಯಿಸಿದರೂ ಅದು ಬೇರೆ ಸರಪಳಿಯಾಗಿ ಹೋಗುತ್ತದೆ, ಹಾಗಾಗಿ ಹಳೆಯ ಮಾತನ್ನು ಎರಡು ವಾಕ್ಯದಲ್ಲಿ ಒಳಗೆ ಮತ್ತೆ ಬರೆಯಬೇಕಾಗುತ್ತದೆ. "ತುರ್ತು" ಅನ್ನುವ ಪದ ನಾನು ಬಿಟ್ಟಿದ್ದೇನೆ. ಗಡುವು ಇದ್ದರೆ ಗಡುವನ್ನೇ ಬರೆಯುತ್ತೇನೆ, "ಶುಕ್ರವಾರದೊಳಗೆ" ಅಂತ.

ಕ್ಯಾಲೆಂಡರ್ ಆಹ್ವಾನ ಕಳಿಸುವಾಗ ಲೆಕ್ಕ ಬೇರೆ. ಗೂಗಲ್ ಕ್ಯಾಲೆಂಡರ್ ದಿನ ಮತ್ತು ವೇಳೆಯನ್ನು ತಾನೇ ಸೇರಿಸುತ್ತದೆ, ನಾವು ಮತ್ತೆ ಬರೆದರೆ ಜಾಗ ದಂಡ. ಹೆಸರನ್ನು ಮಾತ್ರ ಎದುರಿನವರ ಕಡೆಯಿಂದ ಇಡಬೇಕು. ಆ ಬುಧವಾರಕ್ಕೆ ನಾನು ಇಟ್ಟಿದ್ದ ಹೆಸರು "ಸಾಲದ ಅಧಿಕಾರಿ ಭೇಟಿ". ನನ್ನ ಡೈರಿಗೆ ಅದು ಸರಿ. ಅವರ ಡೈರಿಯಲ್ಲಿ ಅವರೇ ಆ ಅಧಿಕಾರಿ. ಮುಂದಿನ ಸಲ "ಮೆಣಸಿನಕಾಯಿ ರಸೀದಿ ಸಾಲ, ಹಾವೇರಿ ರೈತರು" ಅಂತ ಇಟ್ಟೆ. ಹೋಗುವಷ್ಟರಲ್ಲಿ ನಮ್ಮ ಕಡತ ಅವರ ಟೇಬಲ್ ಮೇಲೆ ತೆಗೆದಿಟ್ಟಿತ್ತು.